ಬಿತ್ತನೆ ಬೀಜಕ್ಕೆ ಸಾಲ ಮಾಡೋದಾ, ರಾಶಿ ಆಗೋವರೆಗೂ ಕಾಯೋದಾ: ನಾನು ಲೆಕ್ಕ ಹಾಕಿದ ರೀತಿ

ನನ್ನ ಹತ್ರ ಇರೋದು ನಾಲ್ಕು ಎಕರೆ. ಎರಡೆಕರೆಯಲ್ಲಿ ಮೆಕ್ಕೆಜೋಳ ನಿಂತಿತ್ತು, ತೆನೆ ಕಟ್ಟಿ ಕಾಳು ಹಾಲು ದಾಟಿ ಹಿಟ್ಟಾಗೋ ಹಂತಕ್ಕೆ ಬಂದಿತ್ತು. ಇನ್ನೆರಡು ಎಕರೆ ಎರೆ ಹೊಲ, ಮಳೆಗಾಲ ಪೂರ್ತಿ ಏನೂ ಹಾಕದೆ ಹರಗಿ ಹರಗಿ ತೇವ ಹಿಡಿದಿಟ್ಟಿದ್ದೆ, ಕಡಲೆಗೆ ಅಂತ. ಹೊಲ ರೆಡಿ, ಹದ ರೆಡಿ, ಕೈಯಲ್ಲಿ ದುಡ್ಡು ಮಾತ್ರ ಇಲ್ಲ. ದುಡ್ಡು ಬರೋದು ಮೆಕ್ಕೆಜೋಳ ಮುರಿದು ಒಣಗಿಸಿ ಮಾರಿದ ಮೇಲೆ, ಅಂದ್ರೆ ಸುಮಾರು ಎರಡು ತಿಂಗಳು ಆಚೆಗೆ. ಈಗ ಸಾಲ ಮಾಡಿ ಬೀಜ ತಂದು ಬಿತ್ತಬೇಕಾ, ಇಲ್ಲಾ ಮೆಕ್ಕೆಜೋಳದ ದುಡ್ಡು ಬರೋವರೆಗೂ ಕಾಯಬೇಕಾ ಅನ್ನೋ ಪ್ರಶ್ನೆ. ಸಾಲ ಅಂದ್ರೆ ಕೆಟ್ಟದ್ದು ಅನ್ನೋರೂ ಇದ್ದಾರೆ, ರೈತ ಸಾಲ ಮಾಡದೆ ಬಿತ್ತಿದ್ದುಂಟಾ ಅನ್ನೋರೂ ಇದ್ದಾರೆ, ಎರಡು ಕಡೆಯವರ ಮಾತು ಕೇಳಿದ್ರೂ ನನಗೆ ಉತ್ತರ ಸಿಗ್ಲಿಲ್ಲ, ಯಾಕಂದ್ರೆ ಅವರ್ಯಾರೂ ನನ್ನ ಹೊಲದ ಲೆಕ್ಕ ಹಾಕಿರ್ಲಿಲ್ಲ. ಅದಕ್ಕೆ ನಾನೇ ಕೂತು ಹಾಕಿದೆ, ನಮ್ಮನೆಯವಳೂ ಜೊತೆಗೆ ಕೂತ್ಲು, ಅದನ್ನೇ ಇಲ್ಲಿ ಬಿಡಿಸಿ ಬರೀತಿದ್ದೀನಿ.

ಮೊದಲು ಒಂದು ವಿಷಯ. ಲೆಕ್ಕ ಪೂರ್ತಿ ನಾನು ದುಡ್ಡಲ್ಲಿ ಮಾಡ್ಲಿಲ್ಲ, ಮೆಕ್ಕೆಜೋಳದ ಚೀಲದಲ್ಲಿ ಮಾಡಿದೆ. ಒಂದು ಚೀಲ ಅಂದ್ರೆ ಒಂದು ಕ್ವಿಂಟಲ್ ಅಂತ ಇಟ್ಕೊಳ್ಳಿ. ಸಾಲ ತೀರಿಸೋದು ಕೊನೆಗೆ ಬೆಳೆಯಿಂದಾನೇ ತಾನೆ, ಅದಕ್ಕೆ ಬೀಜದ ಖರ್ಚು ಎಷ್ಟು ಚೀಲ, ಬಡ್ಡಿ ಎಷ್ಟು ಚೀಲ, ಮನೆಗೆ ಎಷ್ಟು ಚೀಲ ಅಂತ ನೋಡಿದ್ರೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತೆ. ಆವಾಗಿನ ರೇಟಲ್ಲಿ ಒಂದು ಕ್ವಿಂಟಲ್ ಕಡಲೆ ಮಾರಿದ್ರೆ ಎರಡೂವರೆ ಕ್ವಿಂಟಲ್ ಮೆಕ್ಕೆಜೋಳದ ದುಡ್ಡು ಬರ್ತಿತ್ತು, ಆ ಲೆಕ್ಕವನ್ನೇ ಉದ್ದಕ್ಕೂ ಇಟ್ಕೊಂಡೆ.

ಕಾದ್ರೆ ಏನು ಕಳ್ಕೋತೀನಿ ಅನ್ನೋದನ್ನ ಮೊದಲು ನೋಡಿದೆ. ಮಳೆಯಾಸರೆ ಎರೆ ಹೊಲದ ಕಡಲೆಗೆ ಮೇಲಿಂದ ನೀರು ಕೊಡೋರು ಯಾರೂ ಇರಲ್ಲ, ಮಣ್ಣಲ್ಲಿ ಇಂಗಿರೋ ತೇವಾನೇ ಬಂಡವಾಳ. ಬಿತ್ತೋ ಹೊತ್ತಿಗೆ ಮೇಲಿನ ನಾಲ್ಕೈದು ಸೆಂಟಿಮೀಟರ್ ಒಣಗಿದ್ರೂ ಪರವಾಗಿಲ್ಲ, ಕೂರಿಗೆ ತಾಳು ಅದರ ಕೆಳಗಿನ ಹಸಿ ಮಣ್ಣಿಗೆ ಬೀಜ ಇಳಿಸುತ್ತೆ. ಆದ್ರೆ ದಿನ ಕಳೆದಂಗೆ ಆ ಒಣ ಪದರ ಕೆಳಗೆ ಕೆಳಗೆ ಇಳೀತಾ ಹೋಗುತ್ತೆ, ಹತ್ತು ಸೆಂಟಿಮೀಟರ್ ದಾಟಿತು ಅಂದ್ರೆ ಬೀಜ ಹಸಿಗೆ ಮುಟ್ಟಿಸೋಕೂ ಕಷ್ಟ, ಮುಟ್ಟಿಸಿದ್ರೂ ಅಷ್ಟು ಆಳದಿಂದ ಮೊಳಕೆ ಮೇಲೆ ಬರೋ ಹೊತ್ತಿಗೆ ಸುಸ್ತಾಗಿರುತ್ತೆ. ನಾನು ಗುದ್ದಲಿಯಿಂದ ಹೊಲದ ನಾಲ್ಕು ಕಡೆ ಕೆದಕಿ ನೋಡಿದೆ, ಮಣ್ಣು ಮುಷ್ಟಿಯಲ್ಲಿ ಹಿಡಿದು ಅದುಮಿದ್ರೆ ಉಂಡೆ ಕಟ್ಟಬೇಕು, ಕೈ ಬಿಚ್ಚಿದಾಗ ಪುಡಿಯಾಗಿ ಉದುರಬಾರದು. ಆವಾಗ ಐದು ಸೆಂಟಿಮೀಟರ್ ಕೆಳಗೇ ಉಂಡೆ ಕಟ್ತಿತ್ತು, ಮತ್ತೆ ಮಳೆ ಬರದಿದ್ರೆ ಇನ್ನೊಂದು ಎರಡು ವಾರ, ಜಾಸ್ತಿ ಅಂದ್ರೆ ಮೂರು ವಾರ ಈ ಹದ ಇರುತ್ತೆ ಅಂತ ಅಂದಾಜಾಯ್ತು. ಜೊತೆಗೆ ತಡವಾಗಿ ಬಿತ್ತಿದ ಕಡಲೆ ಕಾಯಿ ಕಟ್ಟೋ ಹೊತ್ತಿಗೆ ಬಿಸಿಲು ಏರಿರುತ್ತೆ, ಕೆಳಗೆ ತೇವ ಮುಗಿದಿರುತ್ತೆ, ಕಾಳು ಜೊಳ್ಳಾಗುತ್ತೆ.

ಹಾಗಾಗಿ ನನ್ನ ಮಟ್ಟಿಗೆ ಎರಡು ತಿಂಗಳು ಕಾಯೋದು ಅಂದ್ರೆ ತಡವಾಗಿ ಬಿತ್ತೋದು ಅಲ್ಲ, ಬಿತ್ತದೇ ಇರೋದು. ಇದು ಗೊತ್ತಾದ ಮೇಲೆ ಪ್ರಶ್ನೆನೇ ಬದಲಾಯ್ತು. ಸಾಲದ ಖರ್ಚನ್ನ ನಾನು ತೂಗಿ ನೋಡಬೇಕಾದ್ದು ಕಡಲೆ ಬೆಳೆಯ ಪೂರ್ತಿ ಲಾಭದ ಎದುರಿಗೆ. ಹೊತ್ತಿಗೆ ಸರಿಯಾಗಿ ಬಿತ್ತಿದ್ರೆ ನನ್ನ ಹೊಲದಲ್ಲಿ ಎಕರೆಗೆ ಐದು ಕ್ವಿಂಟಲ್ ಬರೋದು ಸಾಮಾನ್ಯ, ಎರಡೆಕರೆಗೆ ಹತ್ತು, ಮೆಕ್ಕೆಜೋಳದ ಲೆಕ್ಕದಲ್ಲಿ 25 ಚೀಲ. ಬೀಜ, ಬಿತ್ತನೆ, ಗೊಬ್ಬರ, ಕಳೆ, ಕಾಯಿಕೊರಕಕ್ಕೆ ಔಷಧಿ, ಕೀಳೋದು, ಒಕ್ಕೋದು ಎಲ್ಲಾ ಸೇರಿ ಏಳು ಚೀಲ ಹೋಗುತ್ತೆ. ಒಳ್ಳೇ ವರ್ಷ 18 ಚೀಲ ಉಳಿಯುತ್ತೆ. ಕೆಟ್ಟ ವರ್ಷ ಎರಡೆಕರೆಗೆ ನಾಲ್ಕೇ ಕ್ವಿಂಟಲ್ ಬಂತು ಅಂದ್ರೂ ಹತ್ತು ಚೀಲ, ಖರ್ಚು ಕಳೆದು ಮೂರು ಉಳಿಯುತ್ತೆ. ಸಿಡಿರೋಗ ಬಡಿದೋ ಇನ್ನೇನಾಗಿಯೋ ಪೂರ್ತಿ ಹೋಯ್ತು ಅಂದ್ರೆ ಅಷ್ಟರೊಳಗೆ ಹಾಕಿರೋ ಐದು ಚೀಲ ಮಣ್ಣುಪಾಲು.

ಇಷ್ಟು ನೋಡಿದ್ರೆ ಸಾಲ ಮಾಡು ಅಂತಾನೇ ಅನ್ನಿಸುತ್ತೆ, ನನಗೂ ಹಂಗೇ ಅನ್ನಿಸ್ತು. ಆವಾಗ ನಮ್ಮನೆಯವಳು ಒಂದು ಮಾತು ಕೇಳಿದ್ಲು.

"ಎಲ್ಲಾ ಸರಿ ರೀ, ಕಡಲೆ ಬರದೇ ಹೋದ್ರೆ ಸಾಲ ಯಾವುದರಿಂದ ಕಟ್ತೀರಿ?"

"ಮೆಕ್ಕೆಜೋಳ ಇದೆಯಲ್ಲ" ಅಂದೆ.

"ಮೆಕ್ಕೆಜೋಳದಲ್ಲಿ ಆಗ್ಲೇ ಎಷ್ಟು ಜನರ ಪಾಲಿದೆ ಅಂತ ಎಣಿಸಿದ್ದೀರಾ?" ಅಂದ್ಲು.

ಇಡೀ ಲೆಕ್ಕಕ್ಕೆ ಬೆನ್ನುಮೂಳೆ ಆಗಿದ್ದು ಆ ಪ್ರಶ್ನೆ. ಬೀಜದ ಸಾಲವನ್ನ ಆ ಬೀಜದ ಬೆಳೆಯಿಂದಾನೇ ತೀರಿಸ್ತೀನಿ ಅಂದ್ಕೊಂಡ್ರೆ, ಇನ್ನೂ ಮೊಳಕೆ ಬರದಿರೋದನ್ನ ನಂಬಿ ಸಾಲ ಮಾಡಿದ ಹಾಗಾಯ್ತು, ಬಡ್ಡಿನೂ ಐದು ತಿಂಗಳು ಓಡುತ್ತೆ. ಅದೇ ಕಣ್ಣೆದುರಿಗೆ ನಿಂತಿರೋ ಮೆಕ್ಕೆಜೋಳದಿಂದ ತೀರಿಸೋಕಾಗುತ್ತೆ ಅಂದ್ರೆ ಎರಡು, ಹೆಚ್ಚು ಅಂದ್ರೆ ಮೂರು ತಿಂಗಳಲ್ಲಿ ಸಾಲ ಮುಗೀತು, ಕಡಲೆ ಏನಾದ್ರೂ ಆಗ್ಲಿ ಸಾಲ ಕೊಟ್ಟೋರು ಮನೆ ಬಾಗಿಲಿಗೆ ಬರಲ್ಲ. ಹಾಗಾದ್ರೆ ನಿಂತಿರೋ ಮೆಕ್ಕೆಜೋಳ ನಿಜವಾಗ್ಲೂ ಎಷ್ಟಿದೆ?

ಅಂದಾಜು ಅಂತ ಕಣ್ಣಳತೆಯಲ್ಲಿ ಹೇಳೋ ಬದಲು ಅಳತೆ ಮಾಡಿದೆ. ಹೊಲದೊಳಗೆ ಉದ್ದ ಐದು ಮೀಟರ್, ಅಗಲ ಎರಡು ಮೀಟರ್ ಹಗ್ಗ ಹಿಡಿದು ಅದರೊಳಗಿನ ತೆನೆ ಎಣಿಸೋದು, ಅಂದ್ರೆ ಹತ್ತು ಚದರ ಮೀಟರ್. ಬದುವಿನ ಪಕ್ಕದ ಚೆನ್ನಾಗಿರೋ ಗಿಡ ನೋಡಿ ಆರಿಸಬಾರದು, ಚೆನ್ನಾಗಿರೋ ಕಡೆ, ಸಾಧಾರಣ ಕಡೆ, ನೀರು ನಿಂತು ಹಳದಿಯಾದ ಕಡೆ ಎಲ್ಲಾ ನೋಡಿ ಸರಾಸರಿ ಹಿಡೀಬೇಕು. ನನಗೆ ಸಿಕ್ಕಿದ್ದು ಸರಾಸರಿ 55 ತೆನೆ. ಆಮೇಲೆ ದೊಡ್ಡದು ಸಣ್ಣದು ಸೇರಿಸಿ ಒಂದಷ್ಟು ತೆನೆ ಸುಲಿದು ನೋಡಿದ್ರೆ ಸುತ್ತಲೂ 14 ಸಾಲು, ಸಾಲಿಗೆ 28 ಕಾಳು, ಅಂದ್ರೆ ತೆನೆಗೆ 392. 55 ತೆನೆಗೆ ಇಪ್ಪತ್ತೊಂದೂವರೆ ಸಾವಿರ ಕಾಳು. ಚೆನ್ನಾಗಿ ಬಲಿತು ಒಣಗಿದ ಮೆಕ್ಕೆಜೋಳ ನಾಲ್ಕು ಕಾಳಿಗೆ ಒಂದು ಗ್ರಾಂ ಅಂತ ಹಿಡಿದ್ರೆ ಹತ್ತು ಚದರ ಮೀಟರಿಗೆ 5.4 ಕೆಜಿ. ಒಂದು ಎಕರೆ ಅಂದ್ರೆ 4,047 ಚದರ ಮೀಟರ್, ಹಾಗಾಗಿ ಎಕರೆಗೆ ಸುಮಾರು 22 ಕ್ವಿಂಟಲ್, ಎರಡೆಕರೆಗೆ 43 ಹತ್ರ. ಹಕ್ಕಿ, ಇಲಿ, ಬಿದ್ದ ತೆನೆ, ಒಡೆದ ಕಾಳು ಅಂತ ಐದರಲ್ಲಿ ಒಂದು ಭಾಗ ತೆಗೆದು 35 ಚೀಲ ಅಂತ ಬರ್ಕೊಂಡೆ.

ಈ ಹಂತದಲ್ಲಿ ಈ ಅಳತೆಯನ್ನ ಧೈರ್ಯವಾಗಿ ನಂಬಬಹುದು ಅನ್ನೋಕೆ ಕಾರಣ ಇದೆ. ಸೂಲಂಗಿ ಬಿಟ್ಟು ಪರಾಗ ಬಿದ್ದು ಕಾಳು ಹಿಟ್ಟಾಗೋ ಹಂತಕ್ಕೆ ಬಂದ ಮೇಲೆ ತೆನೆಯಲ್ಲಿ ಎಷ್ಟು ಕಾಳು ಅನ್ನೋದು ಹೆಚ್ಚೂಕಮ್ಮಿ ಗಟ್ಟಿಯಾಗಿರುತ್ತೆ, ಇನ್ಮೇಲೆ ಬರಗಾಲ ಬಂದ್ರೆ ಕಡಿಮೆ ಆಗೋದು ಮುಖ್ಯವಾಗಿ ಕಾಳಿನ ತೂಕ. ಅದನ್ನೂ ಲೆಕ್ಕ ಹಾಕಿದೆ. ಕಾಳು ಸಣ್ಣಗಾಗಿ ಐದು ಕಾಳಿಗೆ ಒಂದು ಗ್ರಾಂ ಬಂತು ಅಂದ್ಕೊಂಡ್ರೆ 35 ಇದ್ದದ್ದು 28 ಚೀಲ ಆಗುತ್ತೆ. ಇದೇ ಅಳತೆ ಒಂದೂವರೆ ತಿಂಗಳ ಹಿಂದೆ, ಸೂಲಂಗಿ ಬರೋಕೆ ಮುಂಚೆ ಮಾಡಿದ್ದಿದ್ರೆ ಅದಕ್ಕೆ ಬೆಲೆ ಇರ್ತಿರ್ಲಿಲ್ಲ, ಆವಾಗ ಸಾಲ ಮಾಡೋ ಪ್ರಶ್ನೆ ಬಂದಿದ್ರೆ ನಾನು ಮೆಕ್ಕೆಜೋಳವನ್ನ ನಂಬಿ ಮಾಡ್ತಿರ್ಲಿಲ್ಲ.

ಇನ್ನು ಪಾಲು. ಮುರಿಯೋ ಕೂಲಿ, ಸುಲಿಯೋ ಮಿಷನ್ ಬಾಡಿಗೆ, ಸಾಗಾಟ ಎಲ್ಲಾ ಸೇರಿ ಐದು ಚೀಲ. ಹಳೇ ಬಾಕಿ ಎಂಟು ಚೀಲ. ಮುಂದಿನ ಬೆಳೆವರೆಗೂ ಮನೆ ಖರ್ಚು, ಮಕ್ಕಳ ಫೀಸು, ದನದ ಮೇವು, ಆಸ್ಪತ್ರೆ ಅಂತ 14 ಚೀಲ, ಇದನ್ನ ನಮ್ಮನೆಯವಳೇ ಹೇಳಿ ಬರೆಸಿದ್ಲು, ನಾನು ಹತ್ತು ಸಾಕು ಅಂದೆ, ಅವಳು ಹೋದ ವರ್ಷದ ಒಂದೊಂದೇ ಖರ್ಚು ನೆನಪಿಸಿ 14ಕ್ಕೆ ನಿಲ್ಲಿಸಿದ್ಲು. ಒಟ್ಟು 27. ಅಂದ್ರೆ 35ರಲ್ಲಿ ನನ್ನದು ಅಂತ ಉಳಿಯೋದು ಎಂಟು ಚೀಲ. ಸಾಲ ಬಡ್ಡಿ ಸೇರಿ ಎಂಟು ಚೀಲ ದಾಟಬಾರದು ಅಂತ ಅಲ್ಲಿಗೆ ಒಂದು ಗೆರೆ ಎಳೆದ ಹಾಗಾಯ್ತು. ಇಳುವರಿ 28ಕ್ಕೆ ಇಳಿದ್ರೆ ಉಳಿಯೋದು ಬರೀ ಒಂದು.

ಇಲ್ಲಿ ಇನ್ನೊಂದು ಸುಳಿ ಇದೆ, ತುಂಬಾ ಜನ ಇದನ್ನ ನೋಡಲ್ಲ. ನಾನು ಲೆಕ್ಕ ಚೀಲದಲ್ಲಿ ಹಾಕ್ತಿದ್ದೀನಿ, ಆದ್ರೆ ಸಾಲ ಇರೋದು ದುಡ್ಡಲ್ಲಿ. ಸುಗ್ಗಿಯಲ್ಲಿ ಎಲ್ಲರ ಮಾಲೂ ಒಟ್ಟಿಗೆ ಬರುತ್ತೆ, ರೇಟ್ ಬೀಳುತ್ತೆ. ನೂರಕ್ಕೆ 15ರಷ್ಟು ಬಿತ್ತು ಅಂದ್ಕೊಳ್ಳಿ, ಆವಾಗ 27 ಚೀಲದ ಖರ್ಚಿಗೆ 32 ಚೀಲ ಮಾರಬೇಕಾಗುತ್ತೆ, ಇಳುವರಿ ಪೂರ್ತಿ 35 ಬಂದ್ರೂ ಉಳಿಯೋದು ಮೂರೇ. ಇವತ್ತು ನಾಲ್ಕು ಚೀಲದಷ್ಟು ದುಡ್ಡು ಸಾಲ ತಂದಿದ್ರೆ ಆವತ್ತು ಅದನ್ನ ತೀರಿಸೋಕೆ ಬಡ್ಡಿ ಬಿಟ್ಟೇ ಐದು ಚೀಲದ ಹತ್ರ ಬೇಕು. ಎರಡು ಚೀಲದಷ್ಟು ತಂದಿದ್ರೆ ಬಡ್ಡಿ ಸೇರಿ ಎರಡೂವರೆಯೊಳಗೆ ಮುಗಿಯುತ್ತೆ, ಮೂರರೊಳಗೆ ಕೂರುತ್ತೆ. ನಾನು ಮೊದಲು ಅಂದ್ಕೊಂಡಿದ್ದದ್ದು ನಾಲ್ಕು ಚೀಲದ ಸಾಲ: ಎರಡೆಕರೆಗೂ ಹೊಸ ಬೀಜ ಎರಡು ಚೀಲ, ಕೂರಿಗೆ ಬಾಡಿಗೆ ಒಂದು, ಗೊಬ್ಬರ ಒಂದು. ಅದನ್ನ ಎರಡಕ್ಕೆ ಇಳಿಸೋಕಾದ್ರೆ ಸಾಲ ಮಾಡಬಹುದು, ಆಗದಿದ್ರೆ ಒಂದೆಕರೆ ಖಾಲಿ ಬಿಡಬೇಕು. ಇಲ್ಲಿಗೆ ಬಂದು ನಿಂತ್ವಿ.

ಇಳಿಸೋದು ಹೇಗೆ? ಮನೆಯಲ್ಲಿ ಹೋದ ವರ್ಷದ ಕಡಲೆ ಇತ್ತು, ಊಟಕ್ಕೆ ಅಂತ ಇಟ್ಟದ್ದು, ಅಲ್ಲಲ್ಲಿ ಹುಳು ಬಿದ್ದಿತ್ತು. ಹುಳು ಬಿದ್ದ ಕಡಲೆ ಬಿತ್ತೋಕೆ ಆಗಲ್ಲ ಅಂತ ಎತ್ತಿ ಪಕ್ಕಕ್ಕಿಟ್ಟುಬಿಡೋದು ಸುಲಭ, ಆದ್ರೆ ತೂತಿರೋ ಕಾಳು ಬೇರೆ, ತೂತಿಲ್ಲದ ಕಾಳು ಬೇರೆ. ಮೊರದಲ್ಲಿ ಹಾಕ್ಕೊಂಡು ಮನೆಮಂದಿಯೆಲ್ಲಾ ಕೂತು ತೂತಿರೋದು, ಒಡೆದದ್ದು, ಸುಕ್ಕಾದದ್ದು, ಮೇಲೆ ಬಿಳಿ ಮೊಟ್ಟೆ ಅಂಟಿರೋದು ಎಲ್ಲಾ ಆರಿಸಿ ತೆಗೆದ್ವಿ. ಉಳಿದದ್ದು 30 ಕೆಜಿ. ಅದರಿಂದ ಕೈಗೆ ಸಿಕ್ಕಂಗೆ, ಆರಿಸದೆ, ನೂರು ನೂರು ಕಾಳಿನ ನಾಲ್ಕು ಗುಂಪು ಮಾಡಿ ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿ ಜೋಡಿಸಿ, ಮೇಲೆ ಇನ್ನೊಂದು ಒದ್ದೆ ತಟ್ಟು ಹಾಕಿ, ಸಡಿಲವಾಗಿ ಸುತ್ತಿ ನೆರಳಲ್ಲಿಟ್ಟೆ. ತಟ್ಟು ಒದ್ದೆ ಇರಬೇಕು, ನೀರು ತೊಟ್ಟಿಕ್ಕಬಾರದು, ತೊಟ್ಟಿಕ್ಕಿದ್ರೆ ಕಾಳು ಉಸಿರು ಕಟ್ಟಿ ಕೊಳೆಯುತ್ತೆ, ಆಮೇಲೆ ಬೀಜ ಸರಿಯಿಲ್ಲ ಅಂತ ತಪ್ಪು ತಿಳ್ಕೋತೀವಿ. ಒಂದು ವಾರ ಬಿಟ್ಟು ಬಿಚ್ಚಿ ಎಣಿಸೋವಾಗ ಬರೀ ಬಾಲ ಬಂದದ್ದನ್ನೆಲ್ಲಾ ಲೆಕ್ಕಕ್ಕೆ ತಗೋಬಾರದು, ಬೇರು ಮತ್ತು ಮೇಲಿನ ಮೊಳಕೆ ಎರಡೂ ಗಟ್ಟಿಯಾಗಿ ಬಂದದ್ದು ಮಾತ್ರ. ಹಾಗೆ ಎಣಿಸಿದಾಗ ನೂರಕ್ಕೆ 75 ಬಂತು.

ಅಂಗಡಿ ಬೀಜ ನೂರಕ್ಕೆ 85ಕ್ಕಿಂತ ಕಮ್ಮಿ ಹುಟ್ಟಬಾರದು ಅನ್ನೋದು ಕಡಲೆಗೆ ನಿಯಮ, ಆ ಲೆಕ್ಕಕ್ಕೆ ನನ್ನದು ಕಮ್ಮಿ. ಆದ್ರೆ ಕಮ್ಮಿ ಅಂದ್ರೆ ಬಿತ್ತೋಕೆ ಆಗಲ್ಲ ಅಂತಲ್ಲ, ಜಾಸ್ತಿ ಕಾಳು ಬೇಕು ಅಂತ ಅಷ್ಟೇ. ಚದರ ಮೀಟರಿಗೆ 30 ಗಿಡ ನಿಲ್ಲಬೇಕು ಅಂದ್ರೆ ಎಕರೆಗೆ ಒಂದು ಲಕ್ಷದ ಇಪ್ಪತ್ತು ಸಾವಿರ ಗಿಡದ ಹತ್ತಿರ ಆಯ್ತು. ನನ್ನ ಸಣ್ಣ ಕಾಳು ನೂರಕ್ಕೆ 18 ಗ್ರಾಂ ತೂಗುತ್ತೆ, ಹಾಗಾಗಿ ಹುಟ್ಟೋ ಕಾಳೇ ಎಕರೆಗೆ 22 ಕೆಜಿ ಬೇಕು. 75 ಹುಟ್ಟೋ ಬೀಜವಾದ್ರೆ 22ನ್ನ 0.75ರಿಂದ ಭಾಗಿಸಬೇಕು, 29 ಕೆಜಿ ಆಗುತ್ತೆ. ನನ್ನ ಹತ್ರ ಇರೋದು 30. ಸರಿಯಾಗಿ ಒಂದೆಕರೆಗೆ ಸಾಕು! 90 ಹುಟ್ಟೋ ಹೊಸ ಬೀಜ ಇನ್ನೊಂದು ಎಕರೆಗೆ 25 ಕೆಜಿ ತಂದ್ರೆ ಮುಗೀತು. ಬೀಜಕ್ಕೆ ಎರಡು ಚೀಲ ಅಂದ್ಕೊಂಡಿದ್ದು ಒಂದಕ್ಕೆ ಇಳೀತು. ತಟ್ಟಿನಲ್ಲಿ 75 ಹುಟ್ಟಿದ್ದು ಹೊಲದಲ್ಲಿ ಅಷ್ಟೇ ಹುಟ್ಟಲ್ಲ, ಹಳೇ ಬೀಜಕ್ಕೆ ಕಸುವು ಕಮ್ಮಿ ಇರುತ್ತೆ ಅನ್ನೋದು ಗೊತ್ತಿತ್ತು, ಅದಕ್ಕೆ ಮನೆ ಬೀಜವನ್ನ ಹೊಲದ ತಗ್ಗಿನ ಕಡೆಗೆ, ಹಸಿ ಮೇಲೇ ಸಿಗೋ ಜಾಗಕ್ಕೆ ಅಂತ ಇಟ್ಟೆ. ಗೊಬ್ಬರ ಹೊಸ ಬೀಜದ ಎಕರೆಗೆ ಮಾತ್ರ, ಅರ್ಧ ಚೀಲದ ಖರ್ಚು. ಕೂರಿಗೆಯವರ ಹತ್ರ ಹೋಗಿ ಅರ್ಧ ಬಾಡಿಗೆ ಈಗ, ಅರ್ಧ ಮೆಕ್ಕೆಜೋಳ ಮಾರಿದ ಮೇಲೆ ಅಂತ ಮಾತಾಡಿದೆ, ಒಪ್ಪಿದ್ರು. ಕಳೆ ನಾವೇ ತೆಗೆಯೋದು. ಈಗ ಕೈಗೆ ಬೇಕಾದ ದುಡ್ಡು ಎರಡು ಚೀಲದಷ್ಟು.

ಸಾಲ ಯಾರ ಹತ್ರ ಅನ್ನೋದನ್ನೂ ಚೀಲದಲ್ಲೇ ನೋಡಿದೆ, ಇದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಬೀಜದಂಗಡಿಯ ಉದ್ರಿ. ಅವರು ಬಡ್ಡಿನೇ ಇಲ್ಲ ಅಂದ್ರು. "ಬೀಜ ಈಗ ತಗೊಂಡೋಗಣ್ಣ, ದುಡ್ಡು ಕಡಲೆ ಬಂದಾಗ ಕೊಡು, ಮಾಲು ಮಾತ್ರ ನಮಗೇ ಹಾಕು" ಅಂದ್ರು. ಕೇಳೋಕೆ ಎಷ್ಟು ಚೆನ್ನಾಗಿದೆ. ವಿಚಾರಿಸಿದ್ರೆ ಉದ್ರಿ ರೇಟು ನಗದು ರೇಟಿಗಿಂತ ಎಂಟನೇ ಒಂದು ಭಾಗ ಜಾಸ್ತಿ, ಮಾಲು ತಗೊಳ್ಳೋವಾಗ ಆವತ್ತಿನ ರೇಟಿಗಿಂತ ನೂರಕ್ಕೆ ಐದು ಕಮ್ಮಿ. ಐದು ತಾನೆ ಅನ್ನಿಸುತ್ತೆ, ಆದ್ರೆ ಆ ಐದು ಬೀಜದ ಮೇಲೆ ಅಲ್ಲ, ನನ್ನ ಇಡೀ ಬೆಳೆಯ ಮೇಲೆ. ಹತ್ತು ಕ್ವಿಂಟಲ್ ಕಡಲೆಗೆ ನೂರಕ್ಕೆ ಐದು ಅಂದ್ರೆ ಅರ್ಧ ಕ್ವಿಂಟಲ್ ಕಡಲೆ, ಅದು ಒಂದೂಕಾಲು ಚೀಲ ಮೆಕ್ಕೆಜೋಳ. ಒಂದು ಚೀಲ ಬೆಲೆಯ ಬೀಜ ಉದ್ರಿ ತಂದಿದ್ದಕ್ಕೆ ಅಸಲು ಬಿಟ್ಟು ಒಂದೂಕಾಲು ಚೀಲಕ್ಕಿಂತ ಜಾಸ್ತಿ ಕೊಟ್ಟ ಹಾಗಾಯ್ತು, ಬೆಳೆ ಚೆನ್ನಾಗಿ ಬಂದಷ್ಟೂ ಕೊಡೋದೂ ಜಾಸ್ತಿ. ಯಾವ ಉದ್ರಿಯಾದ್ರೂ ಕೇಳಬೇಕಾದ್ದು ಎರಡೇ ಮಾತು, ನಗದು ಕೊಟ್ಟು ತಗೊಂಡ್ರೆ ಎಷ್ಟು, ಮಾಲು ಬೇರೆ ಕಡೆ ಮಾರಿದ್ರೆ ನಡಿಯುತ್ತಾ ಅಂತ.

ಇನ್ನೊಬ್ಬ ವ್ಯಾಪಾರಿ ನಿಂತ ಮೆಕ್ಕೆಜೋಳದ ಮೇಲೆ ಮುಂಗಡ ಕೊಡ್ತೀನಿ ಅಂದ್ರು, ಇವತ್ತಿನ ರೇಟಿಗಿಂತ ನೂರಕ್ಕೆ 15 ಕಮ್ಮಿಗೆ. ಇವತ್ತು 85 ಕೊಟ್ಟು ಎರಡು ತಿಂಗಳಿಗೆ ನೂರರ ಮಾಲು ತಗೋತಾರೆ ಅಂದ್ರೆ 85ಕ್ಕೆ 15 ಬಡ್ಡಿ, ತಿಂಗಳಿಗೆ ನೂರಕ್ಕೆ ಒಂಬತ್ತರ ಹತ್ರ. ಇದಕ್ಕೊಂದು ಒಳ್ಳೇ ಗುಣ ಇದೆ ಅನ್ನೋದನ್ನ ಒಪ್ಕೋಬೇಕು, ಸುಗ್ಗಿಯಲ್ಲಿ ರೇಟ್ ಬಿದ್ರೆ ಆ ಹೊಡೆತ ವ್ಯಾಪಾರಿಗೆ, ನನಗಲ್ಲ. ರೇಟ್ ಖಂಡಿತ ಬೀಳುತ್ತೆ, ಅದೂ 15ಕ್ಕಿಂತ ಜಾಸ್ತಿ ಬೀಳುತ್ತೆ ಅನ್ನೋ ಹಾಗಿದ್ರೆ ಅದೇ ಸರಿಯಾದ ದಾರಿ ಆಗಬಹುದಿತ್ತು. ಕೈಸಾಲ ಕೊಡೋರು ತಿಂಗಳಿಗೆ ನೂರಕ್ಕೆ ಮೂರು ಅಂದ್ರು, ಮೊದಲ ತಿಂಗಳ ಬಡ್ಡಿ ಹಿಡ್ಕೊಂಡೇ ಕೊಡೋದು. ನಮ್ಮನೆಯವಳು ಇರೋ ಮಹಿಳಾ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಒಂದು.

ಸಂಘದ ಬಡ್ಡಿ ಕಮ್ಮಿ ಅಂತ ಕಣ್ಮುಚ್ಚಿ ಅಲ್ಲಿಗೆ ಹೋಗೋ ಹಾಗಿರ್ಲಿಲ್ಲ. ಅಲ್ಲಿ ಸಾಲ ತಗೊಂಡ ಮುಂದಿನ ತಿಂಗಳಿಂದಾನೇ ಕಂತು ಶುರು, ನನಗೆ ಎರಡು ತಿಂಗಳು ಯಾವ ಆದಾಯನೂ ಇಲ್ಲ, ಆ ಕಂತು ಕಟ್ಟೋಕೆ ಮತ್ತೆ ಕೈಸಾಲ ಮಾಡಿದ್ರೆ ನೂರಕ್ಕೆ ಒಂದರ ಬಡ್ಡಿ ಹೆಸರಿಗಷ್ಟೇ ಆಗುತ್ತೆ. ನಮ್ಮನೆಯವಳು ಸಂಘದ ಮೀಟಿಂಗಲ್ಲಿ ನಮ್ಮ ಲೆಕ್ಕದ ಹಾಳೆ ಮುಂದಿಟ್ಟು, ತಿಂಗಳು ತಿಂಗಳು ಬಡ್ಡಿ ಮಾತ್ರ ಕಟ್ತೀವಿ, ಅಸಲು ಮೆಕ್ಕೆಜೋಳ ಮಾರಿದಾಗ ಒಂದೇ ಸಲ ಅಂತ ಕೇಳಿದ್ಲು. ಮೊದಲು ಬೇಡ ಅಂದ್ರಂತೆ, ಒಬ್ಬರಿಗೆ ಮಾಡಿದ್ರೆ ಎಲ್ಲರೂ ಕೇಳ್ತಾರೆ ಅಂತ. ಆಮೇಲೆ ಸಂಘದಲ್ಲೇ ಒಬ್ಬ ಅಕ್ಕ, ತೆನೆ ಎಣಿಸಿದ ಲೆಕ್ಕ ನೋಡಿ, ಮೂರು ತಿಂಗಳೊಳಗೆ ಮುಗಿಸೋ ಹಾಗಿದ್ರೆ ಕೊಡೋಣ ಅಂದ್ರಂತೆ. ದುಡ್ಡು ಬಂತು, ಹದ ಇನ್ನೂ ಇತ್ತು. ಬರೋದು ಇನ್ನೂ ಎರಡು ವಾರ ತಡ ಆಗೋ ಹಾಗಿದ್ದಿದ್ರೆ ನಾನು ನೂರಕ್ಕೆ ಮೂರರ ಕೈಸಾಲವನ್ನೇ ತರ್ತಿದ್ದೆ, ಎರಡು ಚೀಲಕ್ಕೆ ಮೂರು ತಿಂಗಳಿಗೆ ಹೆಚ್ಚಾಗ್ತಿದ್ದ ಬಡ್ಡಿ ಚೀಲದ ಎಂಟನೇ ಒಂದು ಭಾಗನೂ ಇಲ್ಲ, ಹದ ಹೋದ್ರೆ ಹೋಗೋದು 18 ಚೀಲ.

ಒಂದು ಬಾಬ್ತು ಮಾತ್ರ ಲೆಕ್ಕದಲ್ಲಿ ಕೂರ್ಲಿಲ್ಲ. ಇಳುವರಿ 28ಕ್ಕೆ ಇಳಿದ್ರೆ ಉಳಿಕೆ ಒಂದು ಚೀಲ, ಸಾಲ ಎರಡು, ಕೂರಿಗೆಯವರ ಬಾಕಿ ಅರ್ಧ, ಒಂದೂವರೆ ಚೀಲ ಕೊರತೆ. ಅದನ್ನ ಮನೆ ಖರ್ಚಿನ 14ರಲ್ಲಿ ಯಾವುದು ಮುಂದಕ್ಕೆ ಹಾಕಬಹುದು ಅಂತ ನಮ್ಮನೆಯವಳು ಮೊದಲೇ ಗುರುತು ಮಾಡಿಟ್ಲು, ಫೀಸು ಮತ್ತು ಆಸ್ಪತ್ರೆ ಮುಟ್ಟಂಗಿಲ್ಲ ಅಂತಾನೂ ಬರೆದ್ಲು. ನಾಲ್ಕು ಚೀಲದ ಸಾಲ ಆಗಿದ್ರೆ ಕೊರತೆ ಮೂರು ಆಗ್ತಿತ್ತು, ಅದನ್ನ ಹೊಂದಿಸೋಕೆ ದನ ಮಾರೋದೇ ದಾರಿ.

ಬಿತ್ತಿದ್ವಿ. ಮನೆ ಬೀಜವನ್ನ ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ನೆರಳಲ್ಲಿ ಆರಿಸಿ ಆವತ್ತೇ ಬಿತ್ತಿದ್ದು, ಎರಡೂ ಬೀಜಕ್ಕೂ ಟ್ರೈಕೋಡರ್ಮ ಹಚ್ಚಿದ್ದು, ಕೆಜಿಗೆ ನಾಲ್ಕು ಗ್ರಾಂ, ಸಿಡಿರೋಗಕ್ಕೆ ತಡೆ ಅಂತ. ಮೆಕ್ಕೆಜೋಳ ಕೊನೆಗೆ 32 ಚೀಲ ಬಂತು, ರೇಟೂ ಸ್ವಲ್ಪ ಬಿದ್ದಿತ್ತು, ಆದ್ರೂ ಖರ್ಚು ಬಾಕಿ ಎಲ್ಲಾ ಕಳೆದು ಸಂಘದ ಅಸಲು ಒಂದೇ ಸಲ ಕಟ್ಟಿದ್ವಿ, ಕೂರಿಗೆಯವರ ಬಾಕಿನೂ ಕೊಟ್ವಿ. ಆವಾಗ ಕಡಲೆ ಇನ್ನೂ ಹೂವಲ್ಲಿತ್ತು. ಕಾಯಿಕೊರಕ ಬಂದಾಗ ಔಷಧಿಗೆ ಸಾಲ ಬೇಕಾಗ್ಲಿಲ್ಲ. ಹೊಸ ಬೀಜದ ಎಕರೆ ನಾಲ್ಕೂವರೆ ಕ್ವಿಂಟಲ್ ಕೊಡ್ತು, ಮನೆ ಬೀಜದ್ದು ಮೂರೂವರೆ, ಅಲ್ಲಲ್ಲಿ ಗಿಡ ತಪ್ಪಿ ಖಾಲಿ ಬಿದ್ದಿತ್ತು, ಅದಕ್ಕೆ ಗೊಬ್ಬರನೂ ಹಾಕಿರ್ಲಿಲ್ಲ. ಒಟ್ಟು ಎಂಟು. ಸಾಲ ತೀರಿಹೋಗಿದ್ದರಿಂದ ಸುಗ್ಗಿಯಲ್ಲೇ ಮಾರೋ ಅವಸರ ಇರ್ಲಿಲ್ಲ, ಅರ್ಧ ಮಾರಿ ಅರ್ಧ ಇಟ್ಕೊಂಡ್ವಿ.

ಇದೇ ಲೆಕ್ಕ ನಮ್ಮ ಚಿಕ್ಕಪ್ಪನಿಗೆ ಹಾಕಿಕೊಟ್ಟಾಗ ಉತ್ತರ ಉಲ್ಟಾ ಬಂತು. ಅವರದ್ದು ಬಾವಿ ನೀರಿನ ಹೊಲ, ಸೂರ್ಯಕಾಂತಿ ಹಾಕಬೇಕು ಅಂತಿದ್ರು, ಹೈಬ್ರಿಡ್ ಬೀಜ, ಮನೆಯಲ್ಲಿ ಇಟ್ಕೊಂಡು ಬಿತ್ತೋ ಹಾಗಿಲ್ಲ, ಪೂರ್ತಿ ಕೊಂಡೇ ತರಬೇಕು. ಅವರ ನಿಂತ ಬೆಳೆ ಇನ್ನೂ ಸೂಲಂಗಿನೇ ಬಿಟ್ಟಿರ್ಲಿಲ್ಲ, ಅಂದ್ರೆ ತೀರಿಸೋಕೆ ಕೈಯಲ್ಲಿ ಏನಿದೆ ಅನ್ನೋದೇ ಗೊತ್ತಿಲ್ಲ. ಸೂರ್ಯಕಾಂತಿ ಒಂದೇ ಕಾಲಕ್ಕೆ ಕಟ್ಟಿಬಿದ್ದ ಬೆಳೆ ಅಲ್ಲ, ನೀರಿದ್ರೆ ಬೇರೆ ಬೇರೆ ಕಾಲದಲ್ಲಿ ಬಿತ್ತಬಹುದು, ತಡ ಆದಷ್ಟಕ್ಕೆ ಅವರು ಕಳ್ಕೊಳ್ಳೋದು ಸ್ವಲ್ಪ. "ಹಾಗಾದ್ರೆ ನಾನು ಕಾಯ್ಲೇನೋ?" ಅಂದ್ರು. ಕಾಯ್ರಿ ಚಿಕ್ಕಪ್ಪ ಅಂದೆ, ಸೂಲಂಗಿ ಬಂದು ಕಾಳು ಹಿಟ್ಟಾಗೋ ಹಂತಕ್ಕೆ ಬಂದ ಮೇಲೆ ಮತ್ತೆ ಹಗ್ಗ ಹಿಡಿದು ಎಣಿಸೋಣ, ಆವಾಗ ಬೇಕಾದ್ರೆ ಸಾಲದ ಮಾತು.

ನಮ್ಮ ಕಡಲೆಯಲ್ಲಿ ಮುಂದಿನ ಬಿತ್ತನೆಗೆ ಅಂತ 60 ಕೆಜಿ ತೆಗೆದಿಟ್ಟಿದ್ದೀವಿ, ಹೊಸ ಬೀಜದ ಎಕರೆಯಿಂದ, ರೋಗ ಇಲ್ಲದ ಗಿಡಗಳಿದ್ದ ಕಡೆಯಿಂದ. ಹಲ್ಲಲ್ಲಿ ಕಚ್ಚಿದ್ರೆ ಕಟ್ ಅಂತ ಒಡೆಯೋವರೆಗೂ ಒಣಗಿಸಿ, ಪೂರ್ತಿ ತಣ್ಣಗಾದ ಮೇಲೆ ಗಾಳಿಯಾಡದ ಡ್ರಮ್ಮಿಗೆ ಹಾಕಿ ಮುಚ್ಚಳ ಬಿಗಿದಿದ್ದು, ಊಟದ ಕಡಲೆಯನ್ನ ಬೇರೆ ಕಡೆ ಇಟ್ಟಿದ್ದೀವಿ. ಬಿತ್ತೋಕೆ ಒಂದು ತಿಂಗಳಿರೋವಾಗ ತೆಗೆದು ಮತ್ತೆ ನೂರು ನೂರು ಕಾಳು ತಟ್ಟಿನಲ್ಲಿಟ್ಟು ನೋಡಬೇಕು, ಬೀಜ ಕಮ್ಮಿ ಬಿದ್ರೆ ಸಂಘದಲ್ಲಿ ಕೇಳೋಕೆ ಅಷ್ಟು ಟೈಮ್ ಬೇಕು.